ಸಾಲು 310: ನನ್ನ ರಿಕ್ವೆಸ್ಟ್ ಒಳಗೆ ಬೇರೆಯವರ ಬದಲಾವಣೆ ಪ್ರೊಡಕ್ಷನ್‌ಗೆ ಹೋದ ಕಥೆ

ಶುಕ್ರವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಡಿಸ್ಪ್ಯಾಚ್‌ನಿಂದ ಫೋನ್ ಬಂತು. "ಸಾರ್, ಬಿಲ್ ಆಗ್ತಾ ಇದೆ, ಆದ್ರೆ ಇ-ಇನ್ವಾಯ್ಸ್ ನಂಬರ್ ಬರ್ತಿಲ್ಲ. ಮೂರು ಗಾಡಿ ಗೇಟಲ್ಲಿ ನಿಂತಿವೆ." ಹಿಂದಿನ ರಾತ್ರಿಯಷ್ಟೇ ನನ್ನ ಬದಲಾವಣೆ ಪ್ರೊಡಕ್ಷನ್‌ಗೆ ಹೋಗಿತ್ತು. ಫೋನ್ ಇಡುವಷ್ಟರಲ್ಲೇ ಎದೆ ಧಸಕ್ಕೆಂದಿತ್ತು.

ನಾನು ನಮ್ಮ ಕಂಪನಿಯ ವ್ಯವಹಾರ ನಡೆಯುವ ಎಸ್‌ಎಪಿ ಸಾಫ್ಟ್‌ವೇರಿನಲ್ಲಿ ಸೇಲ್ಸ್ ಮಾಡ್ಯೂಲ್ ನೋಡಿಕೊಳ್ಳುವವನು. ನಮ್ಮಲ್ಲಿ ಮೂರು ಸಿಸ್ಟಮ್‌ಗಳಿವೆ. ಡೆವ್‌ನಲ್ಲಿ ಕಾನ್ಫಿಗರೇಷನ್ ಮಾಡುತ್ತೇವೆ, ಕ್ಯೂಎನಲ್ಲಿ ಪರೀಕ್ಷೆ ಮಾಡುತ್ತೇವೆ, ಪ್ರೊಡಕ್ಷನ್‌ನಲ್ಲಿ ನಿಜವಾದ ವ್ಯಾಪಾರ ನಡೆಯುತ್ತದೆ. ಪ್ರೊಡಕ್ಷನ್ ಕ್ಲೈಂಟಿಗೆ, ಅಂದರೆ ಆ ಸಿಸ್ಟಮ್ ಒಳಗೆ ನಮ್ಮ ಡೇಟಾ ಇರುವ ವಿಭಾಗಕ್ಕೆ, `SCC4` ಅನ್ನುವ ಸ್ಕ್ರೀನಿನಲ್ಲಿ ಬೀಗ ಹಾಕಿರುತ್ತಾರೆ, ಅಲ್ಲಿ ಯಾರೂ ನೇರವಾಗಿ ಕಾನ್ಫಿಗರೇಷನ್ ಮುಟ್ಟುವಂತಿಲ್ಲ. ಡೆವ್‌ನಲ್ಲಿ ಬದಲಾವಣೆ ಸೇವ್ ಮಾಡುವಾಗ ಸಿಸ್ಟಮ್ ಒಂದು ಟ್ರಾನ್ಸ್‌ಪೋರ್ಟ್ ರಿಕ್ವೆಸ್ಟ್ ಕೇಳುತ್ತದೆ. ಕೆಲಸ ಮುಗಿದ ಮೇಲೆ ಆ ರಿಕ್ವೆಸ್ಟನ್ನು ರಿಲೀಸ್ ಮಾಡಿದರೆ ಅದು ಫೈಲ್ ಆಗುತ್ತದೆ. ಬೇಸಿಸ್ ತಂಡದವರು ಅದೇ ಫೈಲನ್ನು ಮೊದಲು ಕ್ಯೂಎಗೆ, ಆಮೇಲೆ ಪ್ರೊಡಕ್ಷನ್‌ಗೆ ಇಂಪೋರ್ಟ್ ಮಾಡುತ್ತಾರೆ. ಹತ್ತು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ. ಆದರೂ ರಿಕ್ವೆಸ್ಟ್ ಒಳಗೆ ನಿಜವಾಗಿ ಏನಿರುತ್ತದೆ ಅನ್ನೋದು ನನಗೆ ಸರಿಯಾಗಿ ಅರ್ಥವಾದದ್ದು ಆ ಶುಕ್ರವಾರ.

ನನ್ನ ಬದಲಾವಣೆ ಚಿಕ್ಕದು. ಅಲ್ಲಿಯವರೆಗೆ ನಮ್ಮ ಗ್ರಾಹಕರೇ ಲಾರಿ ಬಾಡಿಗೆ ಕೊಟ್ಟುಕೊಳ್ಳುತ್ತಿದ್ದರು. ಇನ್ನು ಮುಂದೆ ನಾವೇ ಬಿಲ್ಲಿನಲ್ಲಿ ಹಾಕಿ ವಸೂಲಿ ಮಾಡುವುದು ಅಂತ ತೀರ್ಮಾನವಾಯಿತು. ಮಾಲಿನ ಜೊತೆ ನಾವೇ ಬಾಡಿಗೆ ಹಾಕಿದರೆ ಅದೂ ಜಿಎಸ್‌ಟಿ ಲೆಕ್ಕದ ಮೌಲ್ಯಕ್ಕೆ ಸೇರಬೇಕು. ಬಿಲ್ಲಿನ ಮೊತ್ತವನ್ನು ಸಾಲು ಸಾಲಾಗಿ ಲೆಕ್ಕ ಹಾಕುವ ಪಟ್ಟಿಗೆ ಪ್ರೈಸಿಂಗ್ ಪ್ರೊಸೀಜರ್ ಅನ್ನುತ್ತಾರೆ. ನಮ್ಮ ಪ್ರೊಸೀಜರ್ `ZDOM01`ನಲ್ಲಿ ತೆರಿಗೆಯ ಸಾಲುಗಳು ಬಾಡಿಗೆಗೆ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕುತ್ತಿದ್ದವು. ಹಾಗಾಗಿ ಬಾಡಿಗೆಯ ನಂತರ 350ನೇ ಸಾಲಿನಲ್ಲಿ ಒಂದು ಉಪಮೊತ್ತ ಸೇರಿಸಿದೆ. 400, 410, 420ನೇ ಸಾಲುಗಳಲ್ಲಿದ್ದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿಗಳನ್ನು ಆ 350ರಿಂದ ಲೆಕ್ಕ ಹಾಕುವಂತೆ ತಿರುಗಿಸಿದೆ. ಜೊತೆಗೆ 310ನೇ ಸಾಲು, ಅಂದರೆ ಬಾಡಿಗೆಯ ಸಾಲು, ಬಿಲ್ಲಿನ ಪ್ರಿಂಟಿನಲ್ಲಿ ಕಾಣಲಿ ಅಂತ ಅದರ ಪ್ರಿಂಟ್ ಕಾಲಂನಲ್ಲಿ ಒಂದು ಅಕ್ಷರ ಹಾಕಿದೆ. ಇದೆಲ್ಲ ಸೋಮವಾರ ಆಯಿತು. ಮಂಗಳವಾರ ಸಂಜೆ ರಿಲೀಸ್ ಮಾಡಿದೆ. ಬುಧವಾರ ಕ್ಯೂಎನಲ್ಲಿ ಆರ್ಡರ್, ಡೆಲಿವರಿ, ಬಿಲ್ಲಿಂಗ್, ಅಕೌಂಟಿಂಗ್ ಡಾಕ್ಯುಮೆಂಟ್‌ವರೆಗೆ ಪೂರ್ತಿ ಪರೀಕ್ಷೆ ಮಾಡಿದೆ. ತೆರಿಗೆ ಪೈಸೆ ಪೈಸೆಗೂ ಸರಿಯಾಗಿತ್ತು. ಬಳಕೆದಾರರೂ ನೋಡಿ ಒಪ್ಪಿದರು. ಗುರುವಾರ ರಾತ್ರಿ ಪ್ರೊಡಕ್ಷನ್ ಇಂಪೋರ್ಟ್ ಆಯಿತು, ರಿಟರ್ನ್ ಕೋಡ್ 0.

ಈ ರಿಟರ್ನ್ ಕೋಡ್ ಬಗ್ಗೆ ಒಂದು ಮಾತು. 0 ಅಂದರೆ ಸಲೀಸಾಗಿ ಆಯಿತು, 4 ಅಂದರೆ ಎಚ್ಚರಿಕೆ, 8 ಅಂದರೆ ಕೆಲವು ವಸ್ತುಗಳು ಹೋಗಲಿಲ್ಲ, 12 ಅಂದರೆ ಗಂಭೀರ ತೊಂದರೆ. ಇದಿಷ್ಟೂ ಸಾಗಣೆಯ ಬಗ್ಗೆ ಮಾತ್ರ. ಫೈಲಿನಲ್ಲಿದ್ದ ಸಾಲುಗಳು ಟೇಬಲ್ಲಿಗೆ ಬಂದು ಕೂತವೇ ಅನ್ನೋದನ್ನು ಅದು ಹೇಳುತ್ತದೆ. ಆ ಸಾಲಿನಲ್ಲಿರುವ ಕೋಡ್ ಆ ಸಿಸ್ಟಮ್‌ನಲ್ಲಿ ಇದೆಯೇ ಇಲ್ಲವೇ ಅಂತ ಅದು ನೋಡುವುದಿಲ್ಲ. ಸ್ಕ್ರೀನ್‌ನಲ್ಲಿ ಕೈಯಾರೆ ತಪ್ಪು ಕೋಡ್ ಹಾಕಿದರೆ ಸಿಸ್ಟಮ್ ಬೈಯುತ್ತದೆ ಅಲ್ವಾ, ಇಂಪೋರ್ಟ್ ಆಗುವಾಗ ಹಾಗೆ ಬೈಯುವವರು ಯಾರೂ ಇರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲು `VFX3` ತೆಗೆದೆ. ಅಕೌಂಟಿಂಗ್‌ಗೆ ಹೋಗದೆ ನಿಂತ ಬಿಲ್ಲುಗಳ ಪಟ್ಟಿ ಅದು. ಹದಿನೇಳು ಬಿಲ್ಲುಗಳಿದ್ದವು. ನಮ್ಮ ವ್ಯವಸ್ಥೆಯಲ್ಲಿ ಅಕೌಂಟಿಂಗ್ ಡಾಕ್ಯುಮೆಂಟ್ ಆದ ಮೇಲಷ್ಟೇ ಬಿಲ್ಲು ಇ-ಇನ್ವಾಯ್ಸ್‌ಗೆ ಹೋಗುತ್ತದೆ. ಅದಕ್ಕೇ ಗಾಡಿಗಳು ನಿಂತಿದ್ದವು. ಎಲ್ಲದರ ಮುಂದೆಯೂ ಒಂದೇ ಕಾರಣ: ಖಾತೆ ಸಿಗಲಿಲ್ಲ.

ಒಂದು ಬಿಲ್ಲನ್ನು `VF03`ಯಲ್ಲಿ ತೆರೆದು ಅಕೌಂಟ್ ಡಿಟರ್ಮಿನೇಷನ್ ಅನಾಲಿಸಿಸ್ ನೋಡಿದೆ. ಮಾಲಿನ ಬೆಲೆಗೆ ಖಾತೆ ಸಿಕ್ಕಿತ್ತು. ತೆರಿಗೆಗೂ ಸಿಕ್ಕಿತ್ತು. ಲಾರಿ ಬಾಡಿಗೆಯ ಸಾಲಿಗೆ ಮಾತ್ರ ಸಿಕ್ಕಿರಲಿಲ್ಲ. ಆ ಸಾಲಿನ ಅಕೌಂಟ್ ಕೀ `ZFR` ಅಂತ ತೋರಿಸುತ್ತಿತ್ತು. ನಾನು ಎಂದೂ `ZFR` ಹಾಕಿದವನಲ್ಲ. ನಮ್ಮಲ್ಲಿ ಬಾಡಿಗೆಗೆ ಮೊದಲಿನಿಂದಲೂ ಇದ್ದದ್ದು `ERF`.

ಅಕೌಂಟ್ ಕೀ ಅಂದರೆ ಪ್ರೈಸಿಂಗ್ ಪ್ರೊಸೀಜರಿನ ಪ್ರತಿ ಸಾಲಿನಲ್ಲಿರುವ ಪುಟ್ಟ ಕೋಡ್. ಯಾವ ಕೀ ಬಂದರೆ ಯಾವ ಲೆಡ್ಜರ್ ಖಾತೆಗೆ ಹಾಕಬೇಕು ಅನ್ನೋದು `VKOA`ಯಲ್ಲಿ ಇರುತ್ತದೆ. ಪ್ರೊಡಕ್ಷನ್‌ನ `VKOA`ಯಲ್ಲಿ `ZFR`ಗೆ ಯಾವ ಸಾಲೂ ಇರಲಿಲ್ಲ.

ಎದುರು ಸಾಲಿನಲ್ಲಿ ಕೂರುವ ಫೈನಾನ್ಸ್ ಮಾಡ್ಯೂಲಿನ ಗೆಳೆಯನ ಹತ್ತಿರ ಹೋಗಿ, "`ZFR` ನಿಂದಾ?" ಅಂದೆ. "ಹೌದು, ಆದರೆ ಅದು ಇನ್ನೂ ಡೆವ್ ಬಿಟ್ಟು ಹೋಗಿಲ್ವಲ್ಲ" ಅಂದ. ಅವನ ಮಾತು ಮುಕ್ಕಾಲು ನಿಜವಾಗಿತ್ತು. ಬಾಡಿಗೆಯ ಆದಾಯವನ್ನು ಬೇರೆ ಲೆಡ್ಜರ್ ಖಾತೆಯಲ್ಲಿ ತೋರಿಸಿ ಅಂತ ಅಕೌಂಟ್ಸ್‌ನವರು ಅವನಿಗೆ ಕೆಲಸ ಕೊಟ್ಟಿದ್ದರು. ಅವನು ಅದನ್ನು ಎರಡು ರಿಕ್ವೆಸ್ಟ್‌ಗಳಲ್ಲಿ ಮಾಡಿದ್ದ. ಮೊದಲನೆಯದರಲ್ಲಿ `ZFR` ಅನ್ನುವ ಹೊಸ ಕೀ ಮತ್ತು ಅದರ `VKOA` ಸಾಲು. ಅದು ಸೋಮವಾರವೇ ರಿಲೀಸ್ ಆಗಿ ಕ್ಯೂಎಗೆ ಹೋಗಿತ್ತು, ಪ್ರೊಡಕ್ಷನ್‌ಗೆ ಒಪ್ಪಿಗೆ ಸಿಗದೆ ಕಾಯುತ್ತಿತ್ತು. ಎರಡನೆಯದರಲ್ಲಿ ಪ್ರೊಸೀಜರಿನ 310ನೇ ಸಾಲಿನ ಕೀಯನ್ನು `ERF`ನಿಂದ `ZFR`ಗೆ ಬದಲಿಸಿದ್ದು. ಅದನ್ನು ಅವನು ರಿಲೀಸೇ ಮಾಡಿರಲಿಲ್ಲ. ಹಾಗಿದ್ದ ಮೇಲೆ ಅದು ಪ್ರೊಡಕ್ಷನ್ ತಲುಪಿದ್ದು ಹೇಗೆ?

ನನ್ನ ರಿಕ್ವೆಸ್ಟನ್ನು `SE10`ನಲ್ಲಿ ಬಿಡಿಸಿ 310ನೇ ಸಾಲು ಹೇಗೆ ಬರೆದುಕೊಂಡಿದೆ ಅಂತ ನೋಡಿದೆವು. ಟೇಬಲ್ `T683S`, ಅದರ ಕೆಳಗೆ ಹೀಗೆ ಒಂದು ಸಾಲು:

```
100AV ZDOM0131000
```

100 ಕ್ಲೈಂಟ್, A ಅಂದರೆ ಪ್ರೈಸಿಂಗ್, V ಅಂದರೆ ಸೇಲ್ಸ್, ಆಮೇಲೆ ಪ್ರೊಸೀಜರಿನ ಹೆಸರು, ಸಾಲಿನ ನಂಬರ್ 310, ಕೊನೆಯಲ್ಲಿ ಕೌಂಟರ್ 00. ಅಷ್ಟೇ. ನಾನು ಪ್ರಿಂಟ್ ಕಾಲಂಗೆ ಹಾಕಿದ ಅಕ್ಷರ ಅಲ್ಲಿ ಇಲ್ಲ. ಅಕೌಂಟ್ ಕೀ ಇಲ್ಲ. ಯಾವ ಕಾಲಮ್ಮೂ ಇಲ್ಲ. ಅದು ಬರೀ ವಿಳಾಸ.

ಕಾನ್ಫಿಗರೇಷನ್ ರಿಕ್ವೆಸ್ಟ್ ರಿಲೀಸ್ ಆಗುವವರೆಗೆ ಅದರಲ್ಲಿರುವುದು ವಿಳಾಸಗಳು ಮಾತ್ರ. ರಿಲೀಸ್ ಬಟನ್ ಒತ್ತಿದ ಕ್ಷಣದಲ್ಲಿ ಸಿಸ್ಟಮ್ ಆ ವಿಳಾಸಕ್ಕೆ ಹೋಗಿ, ಆಗ ಅಲ್ಲಿ ಏನಿದೆಯೋ ಆ ಇಡೀ ಸಾಲನ್ನು ಎತ್ತಿ ಫೈಲಿಗೆ ಹಾಕುತ್ತದೆ. ಯಾರು ಬದಲಿಸಿದ್ದು, ಯಾವ ಕಾಲಂ ಬದಲಾದದ್ದು ಅನ್ನೋದು ಅದಕ್ಕೆ ಬೇಡ. ಡೆವ್‌ನಲ್ಲಿ ಟೇಬಲ್ ಲಾಗಿಂಗ್ ಆನ್ ಇದ್ದದ್ದರಿಂದ `SCU3`ಯಲ್ಲಿ ಸಮಯವೂ ಸಿಕ್ಕಿತು. ಗೆಳೆಯ ಕೀ ಬದಲಿಸಿದ್ದು ಮಂಗಳವಾರ ಬೆಳಿಗ್ಗೆ. ನಾನು ರಿಲೀಸ್ ಮಾಡಿದ್ದು ಅದೇ ದಿನ ಸಂಜೆ. ಸೋಮವಾರ ನಾನು ಬರೆದಿಟ್ಟ ವಿಳಾಸಕ್ಕೆ ಮಂಗಳವಾರ ಸಂಜೆ ಸಿಸ್ಟಮ್ ಹೋದಾಗ ಅಲ್ಲಿ ನನ್ನ ಪ್ರಿಂಟ್ ಅಕ್ಷರವೂ ಇತ್ತು, ಅವನ `ZFR` ಕೂಡ ಇತ್ತು. ಎರಡೂ ನನ್ನ ಹೆಸರಿನಲ್ಲಿ ಹೊರಟವು.

ಪ್ರೋಗ್ರಾಂಗಳಲ್ಲಿ ಹೀಗಾಗುವುದಿಲ್ಲ. ಒಬ್ಬರು ಒಂದು ಪ್ರೋಗ್ರಾಂ ತಿದ್ದಲು ತೆಗೆದರೆ ಅದು ಅವರ ರಿಕ್ವೆಸ್ಟಿಗೆ ಲಾಕ್ ಆಗುತ್ತದೆ, ರಿಲೀಸ್ ಆಗುವವರೆಗೆ ಇನ್ನೊಬ್ಬರು ಅದನ್ನು ತಮ್ಮ ಬೇರೆ ರಿಕ್ವೆಸ್ಟಿಗೆ ಹಾಕಿಕೊಳ್ಳಲು ಆಗದು. ಕಾನ್ಫಿಗರೇಷನ್ ಸಾಲುಗಳಿಗೆ ಆ ಲಾಕ್ ಇಲ್ಲ. ಒಂದೇ ಸಾಲಿನ ವಿಳಾಸ ನಾಲ್ಕು ಜನರ ನಾಲ್ಕು ರಿಕ್ವೆಸ್ಟ್‌ಗಳಲ್ಲಿ ಇರಬಹುದು, ಸಿಸ್ಟಮ್ ಒಂದು ಮಾತೂ ಆಡುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕ್ಯೂಎ ಪರೀಕ್ಷೆ. ಅಕೌಂಟಿಂಗ್ ಡಾಕ್ಯುಮೆಂಟ್‌ವರೆಗೆ ಹೋಗಿ ನೋಡಿದ್ದೆ, ಅಲ್ಲಿ ಯಾಕೆ ತಪ್ಪು ಸಿಗಲಿಲ್ಲ? ಯಾಕೆಂದರೆ ಗೆಳೆಯನ ಮೊದಲ ರಿಕ್ವೆಸ್ಟ್ ಆಗಲೇ ಕ್ಯೂಎನಲ್ಲಿ ಕೂತಿತ್ತು. ಅಲ್ಲಿ `ZFR` ಇತ್ತು, ಅದರ `VKOA` ಸಾಲು ಇತ್ತು, ಹೊಸ ಲೆಡ್ಜರ್ ಖಾತೆಯನ್ನೂ ಪರೀಕ್ಷೆಗೆಂದು ಮಾಡಿಟ್ಟಿದ್ದರು. ಹಾಗಾಗಿ ನನ್ನ ಬಿಲ್ಲು ಎಲ್ಲೂ ನಿಲ್ಲದೆ ಪೋಸ್ಟ್ ಆಯಿತು. ಕ್ಯೂಎ ಅಂದರೆ ಪ್ರೊಡಕ್ಷನ್‌ನ ನಕಲು ಅಂತ ನಾವು ಬಾಯಲ್ಲಿ ಹೇಳುತ್ತೇವೆ. ನಿಜದಲ್ಲಿ ಅದು ಪ್ರೊಡಕ್ಷನ್ ಜೊತೆಗೆ ದಾರಿಯಲ್ಲಿರುವ ಎಲ್ಲರ ಬದಲಾವಣೆಗಳ ಮೊತ್ತ. ನನ್ನ ರಿಕ್ವೆಸ್ಟ್ ಅಲ್ಲಿ ಪಾಸಾದದ್ದು ಪಕ್ಕದವನ ರಿಕ್ವೆಸ್ಟಿನ ಹೆಗಲ ಮೇಲೆ ನಿಂತು. ಪ್ರೊಡಕ್ಷನ್‌ಗೆ ಹೋದಾಗ ಆ ಹೆಗಲು ಇರಲಿಲ್ಲ.

ಗುರುತು ಮಾತ್ರ ಕಣ್ಣೆದುರೇ ಇತ್ತು. ಬುಧವಾರ ತೆಗೆದ ಪರೀಕ್ಷೆಯ ಸ್ಕ್ರೀನ್‌ಶಾಟ್ ಮತ್ತೆ ತೆಗೆದು ನೋಡಿದೆ. ಅಕೌಂಟಿಂಗ್ ಡಾಕ್ಯುಮೆಂಟಿನಲ್ಲಿ ಬಾಡಿಗೆಯ ಸಾಲು ಹಳೆಯ ಖಾತೆಗೆ ಹೋಗಿರಲಿಲ್ಲ, ಹೊಸ ಖಾತೆಗೆ ಹೋಗಿತ್ತು. ನಾನು ತೆರಿಗೆಯ ಮೊತ್ತ ನೋಡಿದ್ದೆ, ಖಾತೆಯ ನಂಬರ್ ನೋಡಿರಲಿಲ್ಲ. ನಾನು ಬದಲಿಸದ ಕಾಲಂ ಬದಲಾಗಿರಬಹುದು ಅನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ.

ಅಷ್ಟರಲ್ಲಿ ಒಂಬತ್ತೂವರೆ. ಈಗ ಸರಿಮಾಡುವುದು ಹೇಗೆ? ಟ್ರಾನ್ಸ್‌ಪೋರ್ಟಿಗೆ ವಾಪಸ್ ತೆಗೆದುಕೊಳ್ಳುವ ಬಟನ್ ಇಲ್ಲ. ಹಳೆಯ ಸ್ಥಿತಿ ಬೇಕೆಂದರೆ ಡೆವ್‌ನಲ್ಲಿ ಹಳೆಯದನ್ನು ಮತ್ತೆ ಮಾಡಿ ಹೊಸ ರಿಕ್ವೆಸ್ಟಾಗಿ ಕಳಿಸಬೇಕು. ಒಬ್ಬರು, "ಪ್ರೊಡಕ್ಷನ್ ಕ್ಲೈಂಟಿನ ಬೀಗ ಹತ್ತು ನಿಮಿಷ ತೆಗೆಸಿ, ನೇರವಾಗಿ ತಿದ್ದಿಬಿಡೋಣ" ಅಂದರು. ಬೇಸಿಸ್‌ನ ಮೇಡಂ ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದು ಒಳ್ಳೆಯದಾಯಿತು. ಹಾಗೆ ತಿದ್ದಿದರೆ ಡೆವ್‌ನಲ್ಲಿ `ZFR` ಹಾಗೇ ಉಳಿಯುತ್ತದೆ. ಮುಂದಿನ ತಿಂಗಳು ಯಾರಾದರೂ ಅದೇ ಸಾಲನ್ನು ಬೇರೆ ಕಾರಣಕ್ಕೆ ಮುಟ್ಟಿ ಕಳಿಸಿದರೆ ಅದೇ ತಪ್ಪು ಮತ್ತೆ ಬರುತ್ತದೆ.

ನನಗೆ ಮೊದಲು ಹೊಳೆದದ್ದು 310ನೇ ಸಾಲನ್ನು ಡೆವ್‌ನಲ್ಲಿ `ERF`ಗೆ ತಿರುಗಿಸಿ ಕಳಿಸೋದು. ಗೆಳೆಯ ತಡೆದ. "ಹದಿನೇಳು ಬಿಲ್ ಆಗಲೇ ಆಗಿವೆ. ಅವುಗಳ ಒಳಗೆ `ZFR` ಬರೆದಾಗಿದೆ. ಪ್ರೊಸೀಜರ್ ಸರಿ ಮಾಡಿದ್ರೆ ಹೊಸ ಬಿಲ್ ಸರಿಯಾಗುತ್ತೆ, ಈ ಹದಿನೇಳು ಹಾಗೇ ನಿಲ್ಲುತ್ತವೆ." ಅವನು ಹೇಳಿದ್ದು ಸರಿ. ಬಿಲ್ಲು ಆದಾಗಿನ ಅಕೌಂಟ್ ಕೀ ಆ ಬಿಲ್ಲಿನ ಪ್ರೈಸಿಂಗ್ ದಾಖಲೆಯಲ್ಲೇ ಉಳಿದಿರುತ್ತದೆ. ಪ್ರೊಸೀಜರ್ ತಿರುಗಿಸಿದರೆ ಆ ಹದಿನೇಳನ್ನೂ ರದ್ದು ಮಾಡಿ ಮತ್ತೆ ಬಿಲ್ ಮಾಡಬೇಕಾಗುತ್ತಿತ್ತು, ಬಿಲ್ ನಂಬರ್‌ಗಳು ವ್ಯರ್ಥವಾಗುತ್ತಿದ್ದವು.

ಹಾಗಾಗಿ ಹಿಂದಕ್ಕೆ ಹೋಗದೆ ಮುಂದಕ್ಕೆ ಹೋದೆವು. `ZFR` ಪ್ರೊಡಕ್ಷನ್‌ಗೆ ಬಂದಾಗಿದೆ, ಅದಕ್ಕೊಂದು ಖಾತೆ ತೋರಿಸೋಣ. ಹೊಸ ಲೆಡ್ಜರ್ ಖಾತೆ ಪ್ರೊಡಕ್ಷನ್‌ನಲ್ಲಿ ಇನ್ನೂ ತೆರೆದಿರಲಿಲ್ಲ. ಆ ಖಾತೆ ಮಾಸ್ಟರ್ ಡೇಟಾ, ನಮ್ಮಲ್ಲಿ ಅದು ರಿಕ್ವೆಸ್ಟ್ ಜೊತೆ ಹೋಗುವುದಿಲ್ಲ, ಅಕೌಂಟ್ಸ್‌ನವರು ಪ್ರೊಡಕ್ಷನ್‌ನಲ್ಲೇ ಕೈಯಾರೆ ತೆರೆಯುತ್ತಾರೆ, ಅದಕ್ಕೆ ಅವರ ಮ್ಯಾನೇಜರ್ ಒಪ್ಪಿಗೆ ಬೇಕು. ಆದ್ದರಿಂದ ಡೆವ್‌ನ `VKOA`ಯಲ್ಲಿ `ZFR`ನ ಸಾಲಿಗೆ ಹಳೆಯ ಬಾಡಿಗೆ ಖಾತೆಯನ್ನೇ ಹಾಕಿ, ಹೊಸ ರಿಕ್ವೆಸ್ಟಿನಲ್ಲಿ ಆ ಸಾಲು ಮತ್ತು `ZFR` ಕೀ ಎರಡನ್ನೂ ಸೇರಿಸಿ ರಿಲೀಸ್ ಮಾಡಿದೆವು. ಕೀ ಮರೆತಿದ್ದರೆ `VKOA`ಯ ಆ ಸಾಲು ಪ್ರೊಡಕ್ಷನ್‌ನಲ್ಲೇ ಇಲ್ಲದ ಕೀಯೊಂದನ್ನು ತೋರಿಸುತ್ತಾ ಕೂರುತ್ತಿತ್ತು. ಕ್ಯೂಎನಲ್ಲಿ ಒಂದು ಬಿಲ್ ಮಾಡಿದೆವು. ಈ ಸಲ ಮೊದಲು ನೋಡಿದ್ದು ಖಾತೆಯ ನಂಬರ್. ಹಳೆಯದೇ ಬಂತು. ಅಕೌಂಟ್ಸ್ ಮ್ಯಾನೇಜರ್ ಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರು. ಹನ್ನೊಂದು ಹತ್ತಕ್ಕೆ ಪ್ರೊಡಕ್ಷನ್‌ಗೆ ಹೋಯಿತು. `VFX3`ಯಲ್ಲಿ ಅಷ್ಟೂ ಬಿಲ್ಲುಗಳನ್ನು ಆಯ್ಕೆ ಮಾಡಿ ರಿಲೀಸ್ ಕೊಟ್ಟೆ. ಒಂದೊಂದಾಗಿ ಹಸಿರಾದವು. ಡಿಸ್ಪ್ಯಾಚ್‌ನವರು ಹನ್ನೊಂದೂವರೆಗೆ ಫೋನ್ ಮಾಡಿ, "ಮೊದಲ ಗಾಡಿ ಹೊರಟಿತು ಸಾರ್" ಅಂದರು. ಬೆಳಿಗ್ಗೆ ಆರಕ್ಕೆ ಬಂದು ಕಾದ ಆ ಡ್ರೈವರ್‌ಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಆ ಇಂಪೋರ್ಟ್ ಕೊಡುವಾಗ ಬೇಸಿಸ್ ಮೇಡಂ ಮಾಡಿದ ಒಂದು ಕೆಲಸ ಹೇಳಲೇಬೇಕು. `STMS`ನಲ್ಲಿ ಪ್ರೊಡಕ್ಷನ್‌ನ ಕ್ಯೂ, ಅಂದರೆ ಇಂಪೋರ್ಟಿಗೆ ಕಾಯುತ್ತಿರುವ ರಿಕ್ವೆಸ್ಟ್‌ಗಳ ಪಟ್ಟಿ, ತೆರೆದರೆ ಗೆಳೆಯನ ಸೋಮವಾರದ ರಿಕ್ವೆಸ್ಟ್ ಮೇಲೆ ಇತ್ತು, ನಮ್ಮ ಹೊಸದು ಕೆಳಗೆ. ಮೇಲಿನದನ್ನು ಬಿಟ್ಟು ಕೆಳಗಿನದನ್ನು ಮಾತ್ರ ಒಯ್ಯಬೇಕಿತ್ತು. ಎರಡೂ `VKOA`ಯ ಒಂದೇ ಸಾಲನ್ನು ಹೊತ್ತಿವೆ, ಆದರೆ ಸೋಮವಾರದ ಫೈಲಿನಲ್ಲಿ ಹೊಸ ಖಾತೆಯ ನಂಬರ್ ಇದೆ. ರಿಲೀಸ್ ಆದ ಮೇಲೆ ಫೈಲ್ ಬದಲಾಗುವುದಿಲ್ಲ, ಅಂದು ಎತ್ತಿದ್ದೇ ಶಾಶ್ವತ. ನಾಳೆ ಯಾರಾದರೂ ಆ ಹಳೆಯ ರಿಕ್ವೆಸ್ಟನ್ನು ಇಂಪೋರ್ಟ್ ಮಾಡಿದರೆ ನಮ್ಮ ಇವತ್ತಿನ ಸಾಲಿನ ಮೇಲೆ ಅದು ಕೂತು, ಪ್ರೊಡಕ್ಷನ್‌ನಲ್ಲಿ ಇಲ್ಲದ ಖಾತೆಯನ್ನು ತೋರಿಸುತ್ತದೆ, ಬಿಲ್ಲುಗಳು ಮತ್ತೆ ನಿಲ್ಲುತ್ತವೆ. ಕಡೆಗೆ ಇಂಪೋರ್ಟ್ ಆದದ್ದು ಯಾವುದೋ ಅದೇ ಉಳಿಯುತ್ತದೆ, ಯಾವುದು ಹೊಸದು ಅನ್ನೋದನ್ನು ಸಿಸ್ಟಮ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಮೇಡಂ ಇಂಪೋರ್ಟ್ ಆಯ್ಕೆಗಳಲ್ಲಿ ರಿಕ್ವೆಸ್ಟ್ ಕ್ಯೂನಲ್ಲೇ ಉಳಿಯಲಿ ಅನ್ನೋದನ್ನು ಟಿಕ್ ಮಾಡಿದರು. ಹಾಗೆ ಮಾಡಿದರೆ ಮುಂದೆ ಇಡೀ ಕ್ಯೂ ಒಯ್ದಾಗ ಹಳೆಯದು ಮೊದಲು ಹೋಗಿ, ನಮ್ಮದು ಅದರ ಹಿಂದೆ ಮತ್ತೊಮ್ಮೆ ಹೋಗುತ್ತದೆ, ಕ್ರಮ ತಪ್ಪುವುದಿಲ್ಲ. ಮಧ್ಯಾಹ್ನ ಗೆಳೆಯನ ಜೊತೆ ಮಾತಾಡಿ ಆ ಸೋಮವಾರದ ರಿಕ್ವೆಸ್ಟನ್ನು ಪ್ರೊಡಕ್ಷನ್ ಕ್ಯೂನಿಂದಲೇ ತೆಗೆಸಿದೆವು.

ಈಗ ರಿಲೀಸ್ ಬಟನ್ ಒತ್ತುವ ಮುಂಚೆ ನಾವು ಎರಡು ಕೆಲಸ ಮಾಡುತ್ತೇವೆ. ಮೊದಲನೆಯದು, ನಾನು ಮುಟ್ಟಿದ ಸಾಲುಗಳು ಬೇರೆ ಯಾರ ರಿಕ್ವೆಸ್ಟಿನಲ್ಲಿವೆ ಅಂತ ನೋಡೋದು. ರಿಕ್ವೆಸ್ಟ್‌ಗಳ ಒಳಗಿನ ವಿಳಾಸಗಳೆಲ್ಲ `E071K` ಅನ್ನುವ ಟೇಬಲ್ಲಿನಲ್ಲಿ ಇರುತ್ತವೆ. `SE16N`ನಲ್ಲಿ ಹೀಗೆ ಹುಡುಕಿದರೆ ಸಾಕು:

```
Table    E071K
OBJNAME  T683S
TABKEY   *ZDOM01*
```

ಬಂದ ರಿಕ್ವೆಸ್ಟ್ ನಂಬರ್‌ಗಳನ್ನು `E070`ಯಲ್ಲಿ ಹಾಕಿ `TRSTATUS` ನೋಡುತ್ತೇವೆ. `D` ಇದ್ದರೆ ಇನ್ನೂ ತೆರೆದಿದೆ, `R` ಇದ್ದರೆ ರಿಲೀಸ್ ಆಗಿದೆ. ತೆರೆದದ್ದು ಸಿಕ್ಕರೆ ಆ ವ್ಯಕ್ತಿಯ ಹತ್ತಿರ ಹೋಗಿ ಮಾತಾಡಬೇಕು. ರಿಲೀಸ್ ಆಗಿದ್ದರೆ ಅದು ಪ್ರೊಡಕ್ಷನ್ ತಲುಪಿದೆಯಾ ಅಂತ ಅದರ ಟ್ರಾನ್ಸ್‌ಪೋರ್ಟ್ ಲಾಗ್‌ನಲ್ಲಿ ನೋಡಬೇಕು. ಗೆಳೆಯನ ರಿಕ್ವೆಸ್ಟ್‌ಗಳ ಪೈಕಿ ಎರಡನೆಯದು ಆ ಮಂಗಳವಾರ ಸಂಜೆ ಈ ಪಟ್ಟಿಯಲ್ಲಿ `D` ಎಂದು ಕಾಣುತ್ತಿತ್ತು. ಎರಡು ನಿಮಿಷದ ಕೆಲಸ.

ಈ ಹುಡುಕಾಟಕ್ಕೂ ಮಿತಿ ಇದೆ. ಕೆಲವು ಬದಲಾವಣೆಗಳಲ್ಲಿ ವಿಳಾಸ ಪೂರ್ತಿ ಇರುವುದಿಲ್ಲ, ಕೊನೆಯಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ಅಂದರೆ ಅಲ್ಲಿಂದ ಮುಂದಿನ ಎಲ್ಲ ಸಾಲುಗಳೂ ಸೇರಿದವು ಅಂತ. ಅಂಥದ್ದು ರಿಕ್ವೆಸ್ಟಿನಲ್ಲಿ ಕಂಡರೆ ನಾನು ಈಗ ಜಾಸ್ತಿ ಹುಷಾರಾಗಿರುತ್ತೇನೆ, ಅದು ನಾವು ಮುಟ್ಟದ ಸಾಲುಗಳನ್ನೂ ಎತ್ತಿಕೊಂಡು ಹೋಗುತ್ತದೆ, ಆ ಕಡೆ ಹೆಚ್ಚಾಗಿರುವ ಸಾಲುಗಳನ್ನು ಅಳಿಸಲೂಬಹುದು.

ಎರಡನೆಯದು ಹೋಲಿಕೆ. `SCMP`ಯಲ್ಲಿ ಡೆವ್‌ನ ಟೇಬಲ್ಲನ್ನು ಪ್ರೊಡಕ್ಷನ್‌ನ ಅದೇ ಟೇಬಲ್ ಜೊತೆ ಇಟ್ಟು ನೋಡಬಹುದು. ವ್ಯತ್ಯಾಸ ಇರುವ ಸಾಲುಗಳನ್ನು ಅದು ಗುರುತು ಹಾಕಿ ತೋರಿಸುತ್ತದೆ. ಮುಖ್ಯ ವಿಷಯ, ಹೋಲಿಕೆ ಪ್ರೊಡಕ್ಷನ್ ಜೊತೆಯೇ ಆಗಬೇಕು. ಕ್ಯೂಎ ಜೊತೆ ಹೋಲಿಸಿದರೆ ಪಕ್ಕದವರ ಅರ್ಧ ಕೆಲಸವೂ ಸರಿಯಿದ್ದ ಹಾಗೆ ಕಾಣುತ್ತದೆ. ನಾನು ಬದಲಿಸಿದ ಸಾಲುಗಳಲ್ಲಿ ನಾನು ಬದಲಿಸಿದ ಕಾಲಂ ಮಾತ್ರ ಬೇರೆ ಇರಬೇಕು. ಇನ್ನೊಂದು ಕಾಲಂ ಬೇರೆ ಕಂಡರೆ ರಿಲೀಸ್ ನಿಲ್ಲಿಸಿ ಯಾರದ್ದು ಅಂತ ಕೇಳಬೇಕು.

ಮೂರು ವಾರ ಬಿಟ್ಟು ಅಕೌಂಟ್ಸ್‌ನವರು ಹೊಸ ಖಾತೆಗೆ ಒಪ್ಪಿದರು. ಪ್ರೊಡಕ್ಷನ್‌ನಲ್ಲಿ ಖಾತೆ ತೆರೆದಾಯಿತು ಅಂತ ಮೇಲ್ ಬಂದ ಮೇಲೆ ಗೆಳೆಯ ಡೆವ್‌ನ `VKOA`ಯಲ್ಲಿ ನಂಬರ್ ಬದಲಿಸಿ ಹೊಸ ರಿಕ್ವೆಸ್ಟ್ ಮಾಡಿದ. ರಿಲೀಸ್ ಮಾಡುವ ಮುಂಚೆ ನನ್ನ ಕುರ್ಚಿ ಹತ್ತಿರ ಬಂದು ಲ್ಯಾಪ್‌ಟಾಪ್ ಇಟ್ಟ. ಹೋಲಿಕೆಯ ಸ್ಕ್ರೀನ್‌ನಲ್ಲಿ ಒಂದೇ ಸಾಲು ಬೇರೆ ಇತ್ತು, ಆ ಸಾಲಿನಲ್ಲಿ ಖಾತೆಯ ನಂಬರ್ ಒಂದೇ ಬೇರೆ ಇತ್ತು. "ನೋಡಿದ್ಯಾ?" ಅಂದ. "ನೋಡಿದೆ, ಕಳ್ಸು" ಅಂದೆ. ಮರುದಿನ ಬೆಳಿಗ್ಗೆ ಎಂಟೂವರೆಗೇ ಇಬ್ಬರೂ ಆಫೀಸಿನಲ್ಲಿದ್ದೆವು. `VFX3` ಖಾಲಿ ಇತ್ತು.